ಅತ್ತೆಯವರ ನೀರುಪವಾಸ

ನಮ್ಮ ಅತ್ತೆಯವರು ಬಸ್ ಹತ್ತುವುದಕ್ಕೆ ಎರಡು ದಿನ ಮೊದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮದುವೆಯಾಗಿ ಆಳಂದಕ್ಕೆ ಬಂದ ಹೊಸದರಲ್ಲಿ ನಾನು ಇದನ್ನು ಏನೋ ವ್ರತ ಅಂದುಕೊಂಡಿದ್ದೆ. ಕಲಬುರಗಿಗೆ ಹೋಗಬೇಕೆಂದರೆ ಎರಡು ದಿನದ ಮೊದಲಿಂದಲೇ ತಂಬಿಗೆ ಬೋರಲು ಹಾಕಿಡುವರು. ಚಹಾ ಮಾತ್ರ ನಡೆಯುತ್ತಿತ್ತು, ಅದೂ ಬಸಿಯಲ್ಲಿ ಸುರಿದುಕೊಂಡು ನಾಲ್ಕು ಗುಟುಕು. ಯಾವ ದೇವರಿಗೆ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಸ್ ಡ್ರೈವರ್ ದೇವ್ರಿಗಬೇ. ಅಂವಾ ಎಲ್ಲಿ ಬೇಕಲ್ಲಿ ನಿಂದರಸಂಗಿಲ್ಲ" ಅಂದರು.

ಇದರ ಹಿಂದೆ ಒಂದು ಕತೆಯಿದೆ. ಅವರು ಹೊಸ ಮದುಮಗಳಾಗಿದ್ದಾಗ ಜೇವರ್ಗಿಯಿಂದ ಬರುವ ಬಸ್ಸಿನಲ್ಲಿ ತಡೆಯಲಾರದೆ ಗಾಡಿ ನಿಲ್ಲಿಸಿದ್ದರಂತೆ. ರಸ್ತೆಯ ಎರಡೂ ಕಡೆ ತೊಗರಿ ಹೊಲ. ಆದರೆ ಆಗಿನ್ನೂ ಆಷಾಢ ಮುಗಿದಿರಲಿಲ್ಲ. "ತೊಗರಿ ಮೊಳಕಾಲುದ್ದನೂ ಇರ್ಲಿಲ್ಲ. ಹಿಂಗ ಕುಂತ್ರ ತಲಿ ಕಾಣ್ತಿತ್ತು, ಹಂಗ ಕುಂತ್ರ ಇಡೀ ಬಸ್ ಕಾಣ್ತಿತ್ತು" ಎಂದು ಅವರು ಈಗಲೂ ಹೇಳುತ್ತಾರೆ. ಅವತ್ತಿನಿಂದ ಬಸ್ಸು ಎಂದರೆ ಒಣ ಬಾಯಿ. ಇದು ಅವರೊಬ್ಬರ ಪದ್ಧತಿಯೂ ಅಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಊರಿಗೆ ಹೊರಟರೆ ಸೀರೆ ಮಡಚುವ ಮೊದಲು ನೀರಿನ ಲೆಕ್ಕ ಹಾಕುವವರೇ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಈ ವಿಷಯಕ್ಕೆ ಎರಡೇ ಬೆರಳು. ಒಂದು ಬೆರಳೆತ್ತಿದರೆ ಒಂದು, ಎರಡೆತ್ತಿದರೆ ಎರಡು, ಬಾಯಿಂದ ಮಾತಿಲ್ಲ. ಜೀರ್ಣಾಂಗದ ಪಾಠ ಬಂದಾಗ ಸಿಸ್ಟರ್ ಗೋಡೆಗೆ ದೊಡ್ಡ ಚಾರ್ಟ್ ತೂಗುಹಾಕಿ, ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು ಎಲ್ಲವನ್ನೂ ಕೋಲು ಇಟ್ಟು ತೋರಿಸಿದ್ದರು. ಸಣ್ಣ ಕರುಳು ಮುಗಿದ ಮೇಲೆ ಕೋಲು ಕೆಳಗಿಟ್ಟು, "ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ" ಎಂದುಬಿಟ್ಟರು. ಮನೆಯಲ್ಲಿ ಯಾರು ಓದಿದರು? ಹೀಗಾಗಿ ನನ್ನ ತಿಳಿವಳಿಕೆ ಬಹಳ ವರ್ಷ ಸಣ್ಣ ಕರುಳಿನ ಕೊನೆಯಲ್ಲೇ ನಿಂತಿತ್ತು. ಮುಂದಿನದನ್ನು ನಾನು ಕಲಿತದ್ದು ಅತ್ತೆಯವರ ದೆಸೆಯಿಂದ, ಅದೂ ನಮ್ಮ ನಾದಿನಿಯ ಕುಬಸದ, ಅಂದರೆ ಸೀಮಂತದ, ವಾರದಲ್ಲಿ.

ನಾದಿನಿಯನ್ನು ಕೊಟ್ಟದ್ದು ನೆಲೋಗಿಗೆ. ಮದುವೆಯಾಗಿ ಎಂಟು ವರ್ಷಕ್ಕೆ ಬಸುರಿ. ಆ ಭಾನುವಾರ ಫೋನ್ ಬಂತು: ಶುಕ್ರವಾರ ಮಧ್ಯಾಹ್ನ ಕುಬಸ, ತವರಿನವರು ಊಟದ ಹೊತ್ತಿಗೆ ಮುಟ್ಟಬೇಕು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವುದು ಹಡೆದ ತಾಯಿಯ ಕೆಲಸ. ಎಂಟು ವರ್ಷ ಅತ್ತೆಯವರು ಆ ಸೀರೆಯನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಕಾದಿದ್ದರು. ಫೋನ್ ಇಟ್ಟವರು ನೇರ ಟ್ರಂಕಿಗೆ ಹೋದರು, ಅಲ್ಲಿಂದ ಅಡುಗೆಮನೆಗೆ ಬಂದು ತಂಬಿಗೆ ಬೋರಲು ಹಾಕಿದರು.

"ಅತ್ತೇರ, ಇವತ್ತ ಭಾನುವಾರ. ಬಸ್ಸು ಶುಕ್ರವಾರ" ಅಂದೆ.

"ಮೂರು ಬಸ್ಸಬೇ. ಆಳಂದದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಜೇವರ್ಗಿಯಿಂದ ನೆಲೋಗಿ. ಮೂರು ಬಸ್ಸಿಗೆ ಎರಡು ದಿನಾ ಸಾಲ್ತದೇನು?"

ನಾನು ತಂಬಿಗೆಯನ್ನು ನೆಟ್ಟಗೆ ಇಟ್ಟೆ, ಅವರು ಮತ್ತೆ ಬೋರಲು ಹಾಕಿದರು.

ಇನ್ನೊಂದು ವಿಷಯ ಹೇಳಬೇಕು. ಎರಡು ತಿಂಗಳ ಹಿಂದೆ ಅವರ ದವಡೆ ಹಲ್ಲುಗಳನ್ನು ಕೀಳಿಸಿದ್ದೆವು. ಕಟ್ಟಿಸಿದ ಹಲ್ಲು ಬರುವುದು ಬಾಕಿ ಇತ್ತು. ಹಲ್ಲು ಕೀಳಿಸುವವರೆಗೂ ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯೆ, ಸವತಿಕಾಯಿ ತಿನ್ನುತ್ತಿದ್ದ ಬಾಯಿ ಆಮೇಲೆ ಹಾಲು-ಅನ್ನ, ರವೆ ಗಂಜಿ, ಚಹಾದಲ್ಲಿ ಅದ್ದಿದ ಬ್ರೆಡ್ಡಿಗೆ ಇಳಿದಿತ್ತು. ಅವರಿಗೆ ಅದು ಇಷ್ಟವೇ ಆಗಿತ್ತು ಅನ್ನಿ. "ನಿಮ್ಮ ಕಾನ್ವೆಂಟಿನವರ ಊಟ ಛಲೋ ಅದ, ಅಗಿಯೋ ತ್ರಾಸ ಇಲ್ಲ" ಎಂದು ನನ್ನನ್ನೇ ಕೆಣಕುತ್ತಿದ್ದರು. ಊಟದ ತಟ್ಟೆ ಇಷ್ಟು ಬೆಳ್ಳಗಾಗಿರುವುದನ್ನು ನಾನು ಗಮನಿಸಿದ್ದೆ. ಗೋಡೆಗೆ ಸುಣ್ಣ ಹೊಡೆದ ಹಾಗೆ ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದೆನೇ ಹೊರತು ಮುಂದೆ ಯೋಚಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಹೂವು ಕಟ್ಟುತ್ತಿದ್ದಾಗ ಅವರು ಪಕ್ಕದಲ್ಲಿ ಬಂದು ಕೂತರು, ಅಂಗಳಕ್ಕೆಲ್ಲ ಕೇಳುವ ದನಿಯಲ್ಲಿ, "ಶನಿವಾರದಿಂದ ಸಂಡಾಸ ಆಗಿಲ್ಲ ನನಗ" ಅಂದರು.

ನಾನು ಗೇಟಿನ ಕಡೆ ನೋಡಿದೆ.

"ಅತ್ತ ಯಾಕ ನೋಡ್ತಿ? ಓಣಿಯವ್ರಿಗೇನು ಆಗಂಗಿಲ್ಲೇನು? ಶನಿವಾರನೂ ಏನ್ ಆಗಿತ್ತಂತಿ, ಆಡಿನ ಹಿಕ್ಕಿಗತೆ ನಾಕು ಗುಂಡು. ಎಣಸಾಕ ಬರ್ತಿದ್ವು."

ನಾನು ಎಣಿಸುವ ಮಾತಿಗೆ ಹೋಗದೆ, ಒಳಗೆ ಬಂದು ಅಫಜಲಪುರದಲ್ಲಿ ನೌಕರಿ ಮಾಡುವ ನನ್ನ ಯಜಮಾನರಿಗೆ ಫೋನ್ ಮಾಡಿದೆ. ಅವರು ಶನಿವಾರಕ್ಕೊಮ್ಮೆ ಮನೆಗೆ ಬರುವವರು. "ನಿಮ್ಮ ತಾಯಿಯವರಿಗೆ ಸ್ವಲ್ಪ ಅದು ಆಗಿಲ್ಲ" ಅಂದೆ. "ಯಾವುದು?" ಅಂದರು. "ಅದೇ. ಎರಡು" ಅಂದೆ. ಅವರು, "ಎರಡು ಏನು? ಸಿಲಿಂಡರಾ?" ಎಂದು ಕೇಳಿದರು. ನಾನು ಫೋನ್ ಇಟ್ಟುಬಿಟ್ಟೆ.

ಪತ್ರಿಕೆಗಳ ಆರೋಗ್ಯದ ಪುಟದಲ್ಲಿ ನಾರು, ನಾರು ಎಂದು ಓದಿದ್ದು ನೆನಪಿತ್ತು. ಮೆಡಿಕಲ್ ಅಂಗಡಿಯಿಂದ ಇಸಬಗೋಲಿನ ಡಬ್ಬಿ ತಂದೆ. ಗಂಜಿಗೆ ಗೋಧಿ ತೌಡು ಬೆರೆಸಿದೆ. ಪೇರಲಹಣ್ಣನ್ನು ಹಿಚುಕಿ ಬಟ್ಟಲಿಗೆ ಹಾಕಿದೆ. ಡಬ್ಬಿಯ ಮೇಲೆ ಒಂದು ಲೋಟ ತುಂಬ ನೀರಿನೊಂದಿಗೆ ಎಂದು ಬರೆದದ್ದು ಕಂಡಿತ್ತು. ಓದಿಯೂ ಹೇಳಿದೆ. ಅತ್ತೆಯವರು ಎರಡು ಚಮಚ ಅಂಗೈಗೆ ಸುರಿದುಕೊಂಡು, ಸಕ್ಕರೆ ಬಾಯಿಗೆ ಹಾಕಿಕೊಳ್ಳುವ ಹಾಗೆ ಹಾಕಿಕೊಂಡು, ಮೇಲೆ ಡಬ್ಬಿಯ ಮುಚ್ಚಳದಷ್ಟು ನೀರು ಕುಡಿದರು. ಕೆಮ್ಮಿದರು. ಇನ್ನೊಂದು ಮುಚ್ಚಳ ಕುಡಿದರು.

"ಲೋಟ ಅಂದ್ರ ಲೋಟ ಕುಡೀರಿ ಅತ್ತೇರ."

"ಶುಕ್ರವಾರ ಬಸ್ಸದಬೇ."

ಹೋಗಲಿ, ನಾರಾದರೂ ಹೊಟ್ಟೆಗೆ ಹೋಯಿತಲ್ಲ ಎಂದು ನಾನು ಸುಮ್ಮನಾದೆ. ನನ್ನ ತಪ್ಪು ಇಲ್ಲಿದೆ. ಸಣ್ಣ ಕರುಳಿನ ಆಚೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಸುಮ್ಮನಾಗುತ್ತಿರಲಿಲ್ಲ.

ಬುಧವಾರ ಅವರು ಬೆಳಗಿನಿಂದ ಮೂರು ಸಲ ಒಳಗೆ ಹೋದರು. ಮೊಳಕಾಲು ನೋವಿಗೆಂದು ಹೋದ ವರ್ಷ ಕಮೋಡು ಹಾಕಿಸಿದ್ದೆವು. ಅದರ ಮೇಲೆ ಅರ್ಧ ಅರ್ಧ ತಾಸು. ನಾನು ಹೊರಗೆ ಹಗ್ಗದ ಮೇಲಿನ ಬಟ್ಟೆ ಚಿಮಟಿಗೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ನಿಂತಿದ್ದೆ. ಕೆಂಪು ಏಳು, ಹಳದಿ ಐದು, ಒಂದರ ಸ್ಪ್ರಿಂಗ್ ಹೋಗಿತ್ತು. ಒಳಗಿನಿಂದ ವರದಿ ಬರುತ್ತಿತ್ತು.

"ಬಾಗಲಾ ಮಟಾ ಬಂದಾದಬೇ. ಹೊರಗ ಬರವಲ್ದು."

"ಜೋರು ಮಾಡಬ್ಯಾಡ್ರಿ ಅತ್ತೇರ."

"ನಾ ಎಲ್ಲಿ ಜೋರು ಮಾಡಾಕತ್ತೇನಿ? ಅದಾ ಮಾಡಾಕತ್ತದ."

ಸಂಜೆಗೆ ಹೊಟ್ಟೆ ಬಿಗಿದು ನಗಾರಿಯಾಯಿತು. ಊಟ ಬೇಡ ಅಂದರು. ಕೂತರೆ ನೋವು, ಎದ್ದರೆ ಭಾರ. ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮಗ್ಗುಲಲ್ಲಿ ಒರಗಿದ್ದರು. ಅವರ ಬಾಯಿಯಲ್ಲಿ ತಮಾಷೆ ನಿಂತದ್ದು ಆಗಲೇ. "ನಾ ಹೋಗದಿದ್ರ ಅಕಿಗೆ ಬಳಿ ಯಾರು ಇಡಸ್ತಾರ?" ಎಂದು ಮೆಲ್ಲಗೆ ಕೇಳಿದರು. ಕುಬಸವನ್ನು ಮುಂದೂಡುವುದು ನೆಲೋಗಿಯವರಿಗೆ ಆಗದ ಮಾತು, ಏಳು ತಿಂಗಳು ದಾಟುತ್ತಿತ್ತು. ಮಗಳಿಗೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಮೂರು ಬಸ್ಸಿನಲ್ಲಿ ಹೀಗೆ ಕೂಡುವುದು ಹೇಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಆಟೋ ಮಾಡಿ ಆಳಂದದ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗಡಿಯ ಖಜೂರಿ ಕಡೆಯವರು, ಕನ್ನಡದ ನಡುವೆ ಮರಾಠಿ ಇಣುಕುವುದು. ನಮ್ಮ ಹಿಂದೆ ಸಾಲಿನಲ್ಲಿ ಹದಿನೈದು ಜನ ನಿಂತಿದ್ದರು. ನಾನು ಮೇಜಿನ ಮೇಲೆ ಬಾಗಿ, "ಇವರಿಗೆ ಮೋಷನ್ ಸ್ವಲ್ಪ..." ಎಂದು ಪಿಸುಗುಟ್ಟಿದೆ.

"ಭಾಳ ಆಗಾಕತ್ತದೋ, ಆಗವಲ್ದೋ?" ಎಂದರು ಡಾಕ್ಟರು, ಸಾಲಿಗೆಲ್ಲ ಕೇಳುವ ಹಾಗೆ.

ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿದರು. "ಅಕಿ ಕಾನ್ವೆಂಟ್ ಅದಾಳ್ರಿ, ಅಕಿಗೆ ಆಗಂಗಿಲ್ಲ. ನನ್ನ ಕೇಳ್ರಿ." ಶನಿವಾರದ ನಾಲ್ಕು ಗುಂಡಿನಿಂದ ಬುಧವಾರದ ಬಾಗಿಲವರೆಗೆ ಒಂದೂ ಬಿಡದೆ ಹೇಳಿದರು. ಸಾಲಿನಲ್ಲಿದ್ದ ಮುದುಕನೊಬ್ಬ ತಲೆಯಾಡಿಸಿ ಕೇಳುತ್ತಿದ್ದ, ತನ್ನದೇ ಕತೆ ಎಂಬಂತೆ.

ಡಾಕ್ಟರು ನಗಲಿಲ್ಲ. ವಾಂತಿ ಆಯಿತೇ, ಗಾಳಿ ಹೋಗುತ್ತದೆಯೇ, ರಕ್ತ ಬಿತ್ತೇ, ತೂಕ ಇಳಿದಿದೆಯೇ, ಹೃದಯದ್ದೋ ಮೂತ್ರಪಿಂಡದ್ದೋ ಔಷಧಿ ಇದೆಯೇ ಎಂದು ಒಂದೊಂದಾಗಿ ಕೇಳಿದರು. ಗಾಳಿ ಹೋಗುತ್ತದೆ ಎಂಬ ಒಂದಕ್ಕೆ ಮಾತ್ರ ಹೌದು. ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕೈಗವಸು ತೊಟ್ಟು ಬೆರಳಿಂದ ನೋಡಿ ಬಂದು, "ಗಟ್ಟಿ ಗಡ್ಡಿ ಕೆಳಗನ ಬಂದು ಕುಂತದ ಆಯಿ. ಒಳ್ಳೇದಾತು ಬಂದ್ರಿ" ಅಂದರು. ಎನಿಮಾ ಕೊಡಬೇಕಾಗುತ್ತದೆ, ನರ್ಸು ತಯಾರಿ ಮಾಡುತ್ತಾಳೆ ಎಂದು ಹೇಳಿ, ನನ್ನ ಕಡೆ ತಿರುಗಿ ಏನೇನು ಕೊಟ್ಟಿರಿ ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ತೌಡು, ಪೇರಲ, ಇಸಬಗೋಲು ಎಂದೆ.

"ನೀರೆಷ್ಟು?"

"ಮುಚ್ಚಳದಾಗ ಎರಡು" ಎಂದರು ಅತ್ತೆಯವರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಯಿ, ಜ್ವಾಳದ ಹಿಟ್ಟು ನಾದೀರಲ್ಲ ನೀವು?"

"ಐವತ್ತು ವರ್ಷ."

"ನೀರು ಕಡಿಮಿ ಬಿದ್ರ ಏನಾಗ್ತದ?"

"ಬಡಿಯೂ ಮುಂದ ಅಂಚು ಒಡೀತದ. ಗಂಟು ಗಂಟು."

"ನಿಮ್ಮ ಹೊಟ್ಟ್ಯಾಗೂ ಅದಾ ಆಗ್ಯಾದ."

ಆಮೇಲೆ ಅವರು ಹೇಳಿದ್ದನ್ನು ನಾನು ಈಗಲೂ ಹಾಗೆಯೇ ಹೇಳಬಲ್ಲೆ. ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ಬರುವಾಗ ಉಳಿಕೆಯೆಲ್ಲ ತೆಳು ಗಂಜಿಯ ಹಾಗೇ ಇರುತ್ತದಂತೆ. ದೊಡ್ಡ ಕರುಳಿನ ಕೆಲಸವೇ ಅದರಲ್ಲಿನ ನೀರನ್ನು ಹೀರಿ ಮೈಗೆ ವಾಪಸು ಕೊಡುವುದು. ನಾವು ನೀರು ಕುಡಿಯದಿದ್ದರೆ ಮೈಗೆ ಬೇಕಾದ ನೀರನ್ನು ಅದು ಅಲ್ಲಿಂದಲೇ ಹಿಂಡಿಕೊಳ್ಳುತ್ತದೆ. ಕಾಳಿನ ಸಿಪ್ಪೆ, ಸೊಪ್ಪು, ರೊಟ್ಟಿಯ ನಾರು ಇದ್ದರೆ ಅದು ಒದ್ದೆ ಬಟ್ಟೆಯ ಹಾಗೆ ನೀರನ್ನು ತನ್ನೊಳಗೆ ಹಿಡಿದುಕೊಂಡು ಮಲವನ್ನು ಮೆತ್ತಗೂ ದಪ್ಪಗೂ ಇಡುತ್ತದೆ. ಆ ದಪ್ಪ ತಾಗಿದರೆ ಕರುಳಿನ ಗೋಡೆ ಹಿಗ್ಗಿ ಮುಂದಕ್ಕೆ ನೂಕುತ್ತದೆ. ಹಾಲು-ಅನ್ನ, ಬ್ರೆಡ್ಡಿನಲ್ಲಿ ನಾರು ಕಡಿಮೆ. ಉಳಿಕೆ ಚೂರೇ ಚೂರು, ನೂಕಲು ಕರುಳಿಗೆ ಹಿಡಿತವೇ ಸಿಗುವುದಿಲ್ಲ. ನಿಧಾನವಾಗುತ್ತದೆ. ನಿಧಾನವಾದಷ್ಟೂ ಇನ್ನಷ್ಟು ನೀರು ಹೋಗುತ್ತದೆ. ಇನ್ನಷ್ಟು ಗಟ್ಟಿ, ಇನ್ನಷ್ಟು ನಿಧಾನ. ಬಂದಾಗ ತಡೆದುಕೊಂಡು ಕೂತರೂ ಅದೇ ಕತೆ.

"ಅದರ ಮ್ಯಾಲ ನೀವು ಒಣಾ ಇಸಬಗೋಲು ಸುರದೀರಿ" ಎಂದು ನನಗೆ ಅಂದರು. "ಅದು ನೀರು ಕುಡದ್ರ ಮೆತ್ತಗ ಉಬ್ಬತದ. ನೀರಿಲ್ಲಂದ್ರ ಅಂಟು. ಗಂಟಲದಾಗ ನಿಂತಿದ್ರ ಉಸಿರು ಕಟ್ಟತಿತ್ತು. ನಾರು ಒಂದಾ ಸಾಲಂಗಿಲ್ಲ ಅಕ್ಕಾರ, ನೀರು ಬೇಕು. ನೀರೊಂದಾ ಸಾಲಂಗಿಲ್ಲ, ನಾರು ಬೇಕು."

ಅತ್ತೆಯವರು ನನ್ನ ಕಡೆ ನೋಡಿದ ನೋಟದಲ್ಲಿ ನೋವಿಗಿಂತ ಖುಷಿ ಹೆಚ್ಚಿತ್ತು. ಪೇಪರ್ ಓದುವ ಸೊಸೆ ಬೈಸಿಕೊಳ್ಳುವುದನ್ನು ನೋಡುವ ಅವಕಾಶ ಅವರಿಗೆ ದಿನಾ ಸಿಗುವುದಿಲ್ಲ.

ಎನಿಮಾ ಕೊಟ್ಟು ಮಗ್ಗುಲಿಗೆ ಮಲಗಿಸಿದರು. ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎಂದಳು ನರ್ಸು. ಅತ್ತೆಯವರು ಹಿಡಿದುಕೊಂಡರು, ಆ ವಿದ್ಯೆ ಅವರಿಗೆ ಹೊಸದಲ್ಲ. ಆಮೇಲೆ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಮೂರು ಸಲ ಓದಿದೆ. ಬಾಗಿಲು ತೆಗೆದಾಗ ಅವರ ಹಣೆಯೆಲ್ಲ ಬೆವರು, ಸೆರಗು ಭುಜದಿಂದ ಜಾರಿತ್ತು, ಮುಖ ಮಾತ್ರ ಹತ್ತು ವರ್ಷ ಚಿಕ್ಕದಾಗಿತ್ತು. ಗೋಡೆ ಹಿಡಿದು ನಿಂತು, "ಹಡದ್ಹಂಗಾತು" ಅಂದರು.

ಹೊರಡುವಾಗ ಡಾಕ್ಟರು ಮಲ ಮೆತ್ತಗಾಗಿಸುವ ಸಿರಪ್ ಬರೆದುಕೊಟ್ಟರು. ಕಮೋಡಿನ ಮುಂದೆ ಮಣೆ ಇಟ್ಟು ಕಾಲು ಎತ್ತರಿಸಿ ಕೂಡಬೇಕು, ಕುಕ್ಕರುಗಾಲಲ್ಲಿ ಕೂತ ಹಾಗೆ ಮಲದ ದಾರಿ ನೆಟ್ಟಗಾಗುತ್ತದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕು, ಪಲ್ಯ ಮೆತ್ತಗೆ ಬೇಯಿಸಬೇಕು. ಇಸಬಗೋಲು ಹೊಟ್ಟೆ ಸರಿಯಾದ ಮೇಲೆ, ಅದೂ ಲೋಟ ತುಂಬ ನೀರಿನಲ್ಲಿ ಕದಡಿ. ಇಷ್ಟಕ್ಕೆಲ್ಲ ಅತ್ತೆಯವರು ಹೂಂ ಎಂದರು. ಕೊನೆಗೆ, "ನಾಳೆ ಬಸ್ಸಿನಾಗೂ ನೀರು ಕುಡೀಬೇಕು. ಬಂದ್ರ ತಡೀಬಾರ್ದು" ಎಂದಾಗ ಅವರ ಮುಖದ ಮೇಲೆ ಆ ಮೊಳಕಾಲುದ್ದ ಇಲ್ಲದ ತೊಗರಿ ಹೊಲ ಹಾದುಹೋಯಿತು.

"ಇಲ್ಲಂದ್ರ?" ಎಂದು ಕೇಳಿದರು.

"ಇಲ್ಲಂದ್ರ ಮುಂದಿನ ವಾರ ಮತ್ತ ನನ್ನ ಹತ್ರ ಬರ್ತೀರಿ."

ಶುಕ್ರವಾರ ಬೆಳಿಗ್ಗೆ ಅತ್ತೆಯವರು ರೊಟ್ಟಿ ನೆನೆಸಿಕೊಂಡು ತಿಂದು, ಸಿರಪ್ ಕುಡಿದು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. "ನಾ ನೀರು ಕುಡಿತೇನಿ. ಆದ್ರ ಬಸ್ ನಿಂದರಸೋದು ನಿನ್ನ ಕೆಲಸ. ಬಾಯಿ ತಗದು ಹೇಳಬೇಕು. ನಿಮ್ಮ ಕಾನ್ವೆಂಟಿನಂಗ ಬಟ್ಟು ಎತ್ತೂದಿಲ್ಲ." ನಾನು ಒಪ್ಪಿಕೊಂಡೆ. ಹೇಳುವ ಪ್ರಸಂಗ ಬರಲಿಕ್ಕಿಲ್ಲ ಎಂಬ ಧೈರ್ಯವಿತ್ತು.

ಕಲಬುರಗಿಯವರೆಗೆ ಒಂದು ಲೋಟ, ಬಸ್‌ಸ್ಟ್ಯಾಂಡಿನಲ್ಲಿ ಒಂದು. ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಅವರು, ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಾನು, ನನ್ನ ಎದೆಗೆ ಹಸಿರು ಸೀರೆಯ ಚೀಲ. ಜೇವರ್ಗಿಯವರೆಗೆ ಇನ್ನೊಂದು ಲೋಟ. ಜೇವರ್ಗಿಯಲ್ಲಿ ನೆಲೋಗಿಯ ಬಸ್ಸು ಆಗಲೇ ಎಂಜಿನ್ ಹಚ್ಚಿಕೊಂಡು ನಿಂತಿತ್ತು. ಅದು ಹೋದರೆ ಮುಂದಿನದಕ್ಕೆ ಊಟದ ಹೊತ್ತು ದಾಟುತ್ತಿತ್ತು. ಹತ್ತಿ ಸೀಟಿಗೆ ಚೀಲ ಇಟ್ಟೆವೋ ಇಲ್ಲವೋ, ಅತ್ತೆಯವರು ನನ್ನ ಮಣಿಕಟ್ಟು ಹಿಡಿದರು.

"ಬಂತು."

"ಒಂದಾ, ಎರಡಾ?"

"ಎರಡಬೇ. ತಾನಾ ಬಂದಾದ. ಶನಿವಾರದಿಂದ ಕಾದೇನಿ ಇದಕ್ಕ. ತಡ್ಕೊಂಡು ಕುಂದ್ರಲೇನು?"

ಅವರ ಕಣ್ಣು ಸೀರೆಯ ಚೀಲದ ಮೇಲಿತ್ತು. ತಡೆದುಕೊಂಡರೆ ಬಸ್ಸು ಸಿಗುತ್ತಿತ್ತು. ಅವರು ತಡೆದುಕೊಂಡೂ ಬಿಡುತ್ತಿದ್ದರು, ನಾನು ಹೂಂ ಅಂದಿದ್ದರೆ. "ಇಳೀರಿ ಅತ್ತೇರ. ಬಸ್ ನಾ ನೋಡ್ಕೋತೇನಿ" ಅಂದೆ. ಅವರು ನೀರಿನ ಬಾಟಲಿ ಹಿಡಿದು, ಮೊಳಕಾಲು ನೋವನ್ನು ಮರೆತು ಇಳಿದುಹೋದರು.

ಕಂಡಕ್ಟರ್ ಬಾಗಿಲ ಬಳಿ ಸೀಟಿ ಬಾಯಿಗಿಟ್ಟುಕೊಂಡಿದ್ದ. ನಾನು ಅವನ ಮುಂದೆ ನಿಂತು, "ಸ್ವಲ್ಪ ನಿಲ್ಲಿಸಿ, ನಮ್ಮ ಅತ್ತೆಯವರು ಬರ್ತಿದ್ದಾರೆ" ಎಂದು ನನ್ನ ಕಾನ್ವೆಂಟ್ ಕನ್ನಡದಲ್ಲಿ ಅಂದೆ.

"ಬರೋರಿಗೆಲ್ಲ ನಿಂದರಸಿದ್ರ ನೆಲೋಗಿ ಮುಟ್ಟೂದು ನಾಳಿಗೇರಿ ಅಕ್ಕಾರ" ಎಂದು ಸೀಟಿ ಊದಿದ. ಬಸ್ಸು ಒಂದು ಮಾರು ಸರಿಯಿತು.

ಆಮೇಲೆ ಬಂದ ದನಿ ನನ್ನದೇ ಎಂದು ನಂಬಲು ನನಗೆ ಇವತ್ತಿಗೂ ಕಷ್ಟ. "ನಮ್ಮ ಅತ್ತಿಯವ್ರು ಸಂಡಾಸಕ್ಕ ಹೋಗ್ಯಾರ್ರಿ. ಐದು ದಿನಾ ಆಗಿರ್ಲಿಲ್ಲ, ನಿನ್ನೆ ದವಾಖಾನಿಗೆ ಹೋಗಿ ತಗಸೇವಿ. ಇವತ್ತ ತಾನಾ ಬಂದಾದ. ತಡೀಬಾರ್ದಂತ ಡಾಕ್ಟರ್ ಹೇಳ್ಯಾರ. ಮಗಳ ಕುಬಸ ಅದ, ಈ ಬಸ್ ತಪ್ಪಿದ್ರ ಆಗಂಗಿಲ್ಲ. ನಿಂದರಸ್ರಿ."

ಡ್ರೈವರ್ ಬ್ರೇಕ್ ಒತ್ತಿದ. ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ. ಎಲ್ಲರ ಹಾಗೆ ಅವನಿಗೂ ಮನೆಯಲ್ಲಿ ಒಬ್ಬ ತಾಯಿ ಇದ್ದಿರಬೇಕು. "ಐದು ದಿನಾ?" ಎಂದು ಕೇಳಿ, ಡ್ರೈವರ್ ಕಡೆ ತಿರುಗಿ, "ಎಂಜಿನ್ ಬಂದ್ ಮಾಡು ಮಾಮಾ, ಇದಕ್ಕ ಟೈಮ್ ಹಿಡೀತದ" ಅಂದ.

ಬಂದ್ ಮಾಡಿದ ಮೇಲೆ ಮಾತು ಶುರುವಾಯಿತು. ಮುಂದಿನ ಸೀಟಿನ ಹೆಂಗಸು ತಾನು ಜೇವರ್ಗಿ ಸಂತೆಗೆ ಬರುವ ದಿನ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ ಅಂದಳು. ಅವಳ ಪಕ್ಕದವಳು, ತೊಗರಿ ಕಟಾವಿಗೆ ಹೋದರೆ ಹೊಲದಲ್ಲಿ ಗಂಡಸರಿರುತ್ತಾರೆಂದು ಸಂಜೆ ಮನೆಗೆ ಬಂದ ಮೇಲೆಯೇ ಕುಡಿಯುವುದು, ತನಗೆ ಮೂರು ದಿನಕ್ಕೊಮ್ಮೆ ಆದರೆ ಹಬ್ಬ ಅಂದಳು. ನಾನು ನಿಂತಲ್ಲಿಂದಲೇ ಜೋಳದ ಹಿಟ್ಟಿನ ಕತೆ ಹೇಳಿದೆ, ದೊಡ್ಡ ಕರುಳಿನ ಕತೆ ಹೇಳಿದೆ. ಸಿಸ್ಟರ್ ಕೆಳಗಿಟ್ಟ ಕೋಲನ್ನು ನೆಲೋಗಿಯ ಬಸ್ಸಿನಲ್ಲಿ ನಾನು ಎತ್ತಿಕೊಂಡ ಹಾಗಾಯಿತು. ಕಂಡಕ್ಟರ್ ಟಿಕೆಟ್ ಮಷೀನು ನೋಡುವ ನೆವದಲ್ಲಿ ಪೂರ್ತಿ ಕೇಳಿಸಿಕೊಂಡ.

ಅತ್ತೆಯವರು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಬಂದರು, ಕೈಯಲ್ಲಿ ಖಾಲಿ ನೀರಿನ ಬಾಟಲಿ. ಮೆಟ್ಟಿಲ ಹತ್ತಿರ ಮುದುಕಿಯರಿಗೆ ಕೊಡುವ ಕೈಯನ್ನು ಕಂಡಕ್ಟರ್ ಕೊಟ್ಟ. "ಆತೇನ್ರಿ ಆಯಿ?" ಎಂದು ಕೇಳಿದ.

ಅವರು ನನ್ನ ಕಡೆ ನೋಡಿದರು, ಆಮೇಲೆ ಬಸ್ಸಿನ ತುಂಬ ತಮ್ಮನ್ನೇ ನೋಡುತ್ತಿದ್ದ ಮುಖಗಳನ್ನು ನೋಡಿದರು. ಏನು ನಡೆದಿದೆ ಎಂದು ಅವರಿಗೆ ತಿಳಿಯಿತು. "ಆತಪಾ. ಬಾಳೆಹಣ್ಣಿನಂಗ" ಎಂದು ಹೇಳಿ, ಮಹಾರಾಣಿಯ ಹಾಗೆ ಸೀಟಿಗೆ ಬಂದು ಕೂತರು. ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟು, "ನೆಲೋಗ್ಯಾಗ ತುಂಬಸು" ಅಂದರು.

ನಾವು ಊಟದ ಹೊತ್ತಿಗೆ ಮುಟ್ಟಿದೆವು. ನಾದಿನಿಯನ್ನು ಮಣೆಯ ಮೇಲೆ ಕೂಡಿಸಿದರು, ಅತ್ತೆಯವರು ಎಂಟು ವರ್ಷದ ಮಡಿಕೆಯ ಗೆರೆಗಳಿದ್ದ ಸೀರೆಯನ್ನು ಕೈಯಾರೆ ಉಡಿಸಿದರು. ಬಳೆಗಾರ್ತಿ ಒಂದೊಂದೇ ಬಳೆ ಕೊಡುತ್ತಿದ್ದಳು, ಅತ್ತೆಯವರು ಮಗಳ ಕೈ ಒತ್ತಿ ಏರಿಸುತ್ತಿದ್ದರು. ಸುತ್ತ ಇಪ್ಪತ್ತು ಹೆಂಗಸರು. ಏಳನೆಯದೋ ಎಂಟನೆಯದೋ ಬಳೆಗೆ ಅವರು ತಲೆಯೆತ್ತದೆ ಕೇಳಿದರು:

"ಕಬ್ಬಿಣದ ಗುಳಿಗಿ ತೊಗೊಳ್ಳಾಕತ್ತೀಯಲ್ಲ, ಸಂಡಾಸ ಸರಳ ಆಗ್ತದೇನಬೇ?"

ನಾದಿನಿ ಕೆಂಪಾದಳು. ಅವಳೂ ಕಾನ್ವೆಂಟೇ. ಆ ಗುಳಿಗೆಗೂ ಬಸುರಿಗೂ ಹೊಟ್ಟೆ ಕಟ್ಟುವುದು ಸಹಜ, ಡಾಕ್ಟರಿಗೆ ಹೇಳಬೇಕು, ಗುಳಿಗೆ ಮಾತ್ರ ತಾನಾಗಿ ಬಿಡಬಾರದು ಎಂದು ನಾನು ಮೆಲ್ಲಗೆ ಹೇಳಿದೆ. ಅವಳು ಸೀರೆಯ ಅಂಚು ಹಿಡಿದುಕೊಂಡು, ತಾಯಿಯನ್ನು ನೋಡದೆ ನನ್ನನ್ನು ನೋಡಿ, ಮಡಿಲಿನ ಮರೆಯಲ್ಲಿ ಮೂರು ಬೆರಳು ತೋರಿಸಿದಳು.

"ಮೂರು ದಿನಾ ಆಗ್ಯಾದಂತ" ಎಂದು ನಾನು ಅತ್ತೆಯವರಿಗೆ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ.

ಅತ್ತೆಯವರು ಬಳೆ ಏರಿಸುವುದನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿ, ಮೊದಲು ತಾವು ಅರ್ಧ ಕುಡಿದು, ಉಳಿದರ್ಧವನ್ನು ಮಗಳ ಕೈಗೆ ಕೊಟ್ಟರು.